ಹದಿಮೂರು ಮೈಕ್ರಾನಿನ ಅಂಗಳ

ಡ್ರಾಯಿಂಗ್ ಹಾಳೆಯಲ್ಲಿ ಶಾಫ್ಟಿನ ಒಂದು ತುದಿಗೆ ಬಾಣ ಎಳೆದು ‘25 ಕೆ6’ ಎಂದು ಬರೆದಿರುತ್ತಾರೆ. ಅಷ್ಟೇ. ಓದಬಲ್ಲವರಿಗೆ ಆ ಪುಟ್ಟ ಬರಹದಲ್ಲೇ ತೀರ್ಪು ಅಡಗಿದೆ. ಭಾರತೀಯ ಮಾನಕ ಐಎಸ್ 919ರ ಪಟ್ಟಿ ತೆರೆದರೆ, 25 ಮಿಲಿಮೀಟರ್ ಶಾಫ್ಟಿಗೆ ಕೆ6 ಅಂದರೆ ಕೆಳಮಿತಿ 25.002, ಮೇಲ್ಮಿತಿ 25.015. ಇವೆರಡರ ನಡುವೆ ಎಲ್ಲಿ ಬಂದರೂ ಪಾಸ್. ಹೊರಗೆ ಬಿದ್ದರೆ ರೀವರ್ಕ್, ಇಲ್ಲವೇ ಸ್ಕ್ರ್ಯಾಪ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ, ಅದರಲ್ಲಿ ಹದಿಮೂರು ಪಾಲನ್ನು ತೆಗೆದುಕೊಟ್ಟು ‘ಇಷ್ಟು ನಿಮ್ಮ ಅಂಗಳ, ಇದರೊಳಗೆ ಆಡಿಕೊಳ್ಳಿ’ ಅಂದ ಹಾಗೆ.

ಈ ಹದಿಮೂರು ಮೈಕ್ರಾನಿನ ಅಂಗಳದಲ್ಲಿ ಏನೇನು ನಡೆಯುತ್ತದೆ ಎಂದು ನೋಡುತ್ತ ಕೂರುವುದು ನನಗೆ ಪ್ರೀತಿಯ ಕೆಲಸ. ಕಚೇರಿ ಬಾಗಿಲಿಂದ ನೋಡಿದರೆ ಅದೇನೂ ಕಾಣುವುದಿಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಯಾವುದಾದರೂ ಗ್ರೈಂಡಿಂಗ್ ಶೆಡ್ಡಿನ ಒಳಗೆ, ಗಾಜಿನ ಪಾರ್ಟಿಷನ್ನಿನ ಆಚೆ, ಇನ್ಸ್‌ಪೆಕ್ಷನ್ ಟೇಬಲ್ಲಿನ ಹತ್ತಿರ ಸ್ಟೂಲ್ ಎಳೆದುಕೊಂಡು ಕೂರಬೇಕು. ಕೂಲೆಂಟಿನ ವಾಸನೆ, ವ್ಹೀಲ್ ಡ್ರೆಸ್ ಮಾಡುವಾಗಿನ ಕಿರುಚಲು ಎರಡಕ್ಕೂ ಒಗ್ಗಿಕೊಂಡ ಮೇಲೆ ಕಣ್ಣು ತಾನಾಗಿ ಆ ಟೇಬಲ್ಲಿನ ಮೇಲೆ ನಿಲ್ಲುತ್ತದೆ.

ಮೊದಲು ಈ ಅಂಕಿಗಳು ಯಾಕೆ ಬಂದವು ಅನ್ನುವುದನ್ನು ನೋಡಬೇಕು. ಶಾಫ್ಟಿನ ಆ ತುದಿಯಲ್ಲಿ ಕೂರುವುದು 6205 ಬೇರಿಂಗ್. ನೀರೆತ್ತುವ ಮೋಟರು, ಫ್ಯಾನು, ವಾಷಿಂಗ್ ಮೆಷಿನ್ ಹೀಗೆ ನಾವು ದಿನಾ ಮುಟ್ಟುವ ಎಷ್ಟೋ ಯಂತ್ರಗಳೊಳಗೆ ಇದು ಇರುತ್ತದೆ. ಇದರ ಒಳತೂತು 25 ಮಿಲಿಮೀಟರ್. ಸಾಮಾನ್ಯ ದರ್ಜೆಯ ಬೇರಿಂಗಿನಲ್ಲಿ ಆ ತೂತು 25ಕ್ಕಿಂತ ಹತ್ತು ಮೈಕ್ರಾನ್ ತನಕ ಕಡಿಮೆ ಇರಬಹುದು, ಹೆಚ್ಚು ಇರುವಂತಿಲ್ಲ. ಶಾಫ್ಟ್ ಯಾವಾಗಲೂ 25ಕ್ಕಿಂತ ಒಂದಿಷ್ಟು ದಪ್ಪ. ಹಾಗಾಗಿ ಎಂಥ ಬೇರಿಂಗಿಗೆ ಎಂಥ ಶಾಫ್ಟ್ ಜೋಡಿಯಾದರೂ ಬಿಗಿ ಇದ್ದೇ ಇರುತ್ತದೆ: ಕಡಿಮೆಯೆಂದರೆ ಎರಡು ಮೈಕ್ರಾನ್, ಹೆಚ್ಚೆಂದರೆ ಇಪ್ಪತ್ತೈದು. ಶಾಫ್ಟ್ ತೆಳುವಾದರೆ ಬೇರಿಂಗಿನ ಒಳ ರಿಂಗು ಅದರ ಮೇಲೆ ನಿಧಾನವಾಗಿ ತೆವಳಲು ಶುರುಮಾಡುತ್ತದೆ. ಬಿಚ್ಚಿ ನೋಡಿದರೆ ಕೂರುವ ಜಾಗದಲ್ಲಿ ಕೆಂಗಂದು ಬಣ್ಣದ ಪುಡಿ ಸಿಗುತ್ತದೆ. ಲೋಹ ಲೋಹಕ್ಕೆ ಉಜ್ಜಿ ತುಕ್ಕಾದ ಪುಡಿ ಅದು. ದಪ್ಪವಾದರೆ ಒಳ ರಿಂಗು ಹಿಗ್ಗಿ, ಗುಂಡುಗಳಿಗೆ ಬಿಟ್ಟಿದ್ದ ಐದರಿಂದ ಇಪ್ಪತ್ತು ಮೈಕ್ರಾನಿನ ಸಡಿಲವನ್ನು ತಿಂದುಹಾಕುತ್ತದೆ. ಆಮೇಲೆ ಬೇರಿಂಗ್ ಬಿಸಿಯಾಗುತ್ತದೆ, ಕೂಗುತ್ತದೆ. ಎರಡೂ ಬಗೆಯ ಕೆಡುಕಿನಿಂದ ಬೇಕಾದಷ್ಟೇ ದೂರ ನಿಲ್ಲಿಸಿದ ಎರಡು ಬೇಲಿಗಳು ಈ 25.002 ಮತ್ತು 25.015. ಇಷ್ಟು ತಿಳಿದ ಮೇಲೆ ಆ ಅಂಕಿಗಳನ್ನು ಬರೀ ಅಂಕಿಗಳಾಗಿ ನೋಡಲು ನನ್ನಿಂದ ಆಗಿಲ್ಲ.

ಶಾಫ್ಟು ಈ ಟೇಬಲ್ಲಿಗೆ ಬರುವ ಹೊತ್ತಿಗೆ ಪಶ್ಚಿಮ ಬೆಂಗಳೂರನ್ನು ಅರ್ಧ ಸುತ್ತಿರುತ್ತದೆ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಲೇತಿನ ಮೇಲೆ 25.3ಕ್ಕೆ ಟರ್ನಿಂಗ್ ಆಗಿ, ಇನ್ನೊಂದು ಕಡೆ ಕೀವೇ ಹೊಡೆಸಿಕೊಂಡು, ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮುಗಿಸಿ, ಟೆಂಪೊದಲ್ಲಿ ಡೆಲಿವರಿ ಚಲನ್ ಸಮೇತ ರಾಜಾಜಿನಗರಕ್ಕೆ ಗ್ರೈಂಡಿಂಗಿಗೆ ಬರುತ್ತದೆ. ಒಬ್ಬೊಬ್ಬರ ದುಡಿಮೆ ಅದರ ಮೇಲೆ ಪದರ ಪದರವಾಗಿ ಕೂತಿರುತ್ತದೆ. ಕೊನೆಯ ಮೂರು ದಶಾಂಶ ಸ್ಥಾನದಲ್ಲಿ ಅದು ಕೆಟ್ಟರೆ ಗ್ರೈಂಡರಿನವನ ಕೆಲಸ ಒಂದೇ ಅಲ್ಲ, ಹಿಂದಿನ ಎಲ್ಲರ ಕೆಲಸವೂ ಗುಜರಿಗೆ ಹೋಗುತ್ತದೆ. ಅದಕ್ಕೇ ಕೊನೆಯಲ್ಲಿ ಕೂತು ನೋಡುವವನ ಕೈ ಅವಸರ ಮಾಡುವಂತಿಲ್ಲ.

ನಾನು ನೋಡಲು ಇಷ್ಟಪಡುವ ಇನ್ಸ್‌ಪೆಕ್ಟರ್ ಒಬ್ಬರಿದ್ದಾರೆ. ಶೆಡ್ಡಿನಲ್ಲಿ ಹುಡುಗರೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತಾರೆ. ಅವರು ಶಾಫ್ಟ್ ಕೈಗೆತ್ತಿಕೊಂಡ ತಕ್ಷಣ ಅಳೆಯುವುದಿಲ್ಲ. ಮೊದಲು ಹತ್ತಿ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಅಂಚಿನಲ್ಲಿ ಬರ್ರ್ ಇದೆಯೇ ಎಂದು ಉಗುರು ಎಳೆದು ನೋಡುತ್ತಾರೆ. ಕಣ್ಣಿಗೆ ಕಾಣದ ಒಂದು ಬರ್ರ್ ಐದಾರು ಮೈಕ್ರಾನ್ ಸುಳ್ಳು ಹೇಳಿಸಬಲ್ಲದು. ಆಮೇಲೆ ಮೈಕ್ರೋಮೀಟರಿನ ಎರಡು ಮುಖಗಳ ನಡುವೆ ಒಂದು ಬಿಳಿ ಕಾಗದ ಹಿಡಿದು ಮೆತ್ತಗೆ ಎಳೆದು ತೆಗೆಯುತ್ತಾರೆ. ಅಂಟಿದ್ದ ಎಣ್ಣೆ, ಧೂಳು ಕಾಗದದ ಜೊತೆ ಬರುತ್ತದೆ. ನಂತರ 25 ಮಿಲಿಮೀಟರ್ ಸೆಟ್ಟಿಂಗ್ ರಾಡ್ ಇಟ್ಟು ಸೊನ್ನೆ ನೋಡಿಕೊಳ್ಳುತ್ತಾರೆ. ಸೊನ್ನೆ ಕೂತ ಮೇಲೆಯೇ ಶಾಫ್ಟು.

ರ‍್ಯಾಚೆಟ್ಟಿನ ಆ ಮೂರು ಟಿಕ್ ಟಿಕ್ ಟಿಕ್ ಕೇಳುವುದೇ ಒಂದು ಸೊಗಸು. ಮುಖಗಳು ಲೋಹವನ್ನು ಮುಟ್ಟಿದ ಮೇಲೆ ಬೆರಳು ಎಷ್ಟು ಗಟ್ಟಿಯಾಗಿ ತಿರುಗಿಸಿದರೂ ಒತ್ತಡ ಒಂದೇ ಆಗಿರಲಿ ಎಂದು ರ‍್ಯಾಚೆಟ್ ಜಾರಿಕೊಳ್ಳುತ್ತದೆ. ತಿರುಗಿಸಿದವನ ಬಲ, ಸಿಟ್ಟು, ಆತುರ ಯಾವುದೂ ಅಳತೆಗೆ ಸೇರಬಾರದು ಎಂದು ಯೋಚಿಸಿ ಮಾಡಿದ ಭಾಗ ಅದು. ಮೇಷ್ಟ್ರು ಒಂದೇ ಜಾಗದಲ್ಲಿ ಅಳೆದು ಬಿಡುವುದಿಲ್ಲ. ಬೇರಿಂಗ್ ಕೂರುವ ಹದಿನೈದು ಮಿಲಿಮೀಟರ್ ಅಗಲದಲ್ಲಿ ಭುಜದ ಹತ್ತಿರ ಒಂದು, ನಡುವೆ ಒಂದು, ತುದಿಗೆ ಒಂದು. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಮೂರು. ಭುಜದ ಹತ್ತಿರ ವ್ಹೀಲಿನ ಅಂಚು ಸವೆದಿದ್ದರೆ ಅಲ್ಲಿ ಲೋಹ ಹೆಚ್ಚು ಉಳಿದಿರುತ್ತದೆ, ಟೇಪರ್ ಗೊತ್ತಾಗುತ್ತದೆ. ಒಂದೇ ಶಾಫ್ಟಿಗೆ ಆರು ಅಂಕಿ ಬರುತ್ತವೆ. ಆರೂ ಬೇಲಿಯ ಒಳಗಿದ್ದರೆ ಮಾತ್ರ ಆ ಶಾಫ್ಟ್ ಪಾಸ್.

ಈಗ ತೀರ್ಪಿನ ವಿಚಾರಕ್ಕೆ ಬರುತ್ತೇನೆ. ಮೇಲ್ನೋಟಕ್ಕೆ ಅಂಗಳದ ಎರಡು ಬೇಲಿಗಳೂ ಒಂದೇ ಥರ ಕಾಣುತ್ತವೆ. ಆದರೆ ಶಾಫ್ಟಿನ ಮಟ್ಟಿಗೆ ಅವು ಒಂದೇ ಅಲ್ಲ. 25.021 ಬಂದರೆ ಆರು ಮೈಕ್ರಾನ್ ಹೆಚ್ಚಿದೆ, ಮತ್ತೆ ಸೆಂಟರ್‌ಗಳ ನಡುವೆ ಹಾಕಿ ಉಜ್ಜಬಹುದು, ಅದು ರೀವರ್ಕ್. 24.998 ಬಂದರೆ ನಾಲ್ಕೇ ಮೈಕ್ರಾನ್ ಕಡಿಮೆ, ಆದರೂ ಹೋದ ಲೋಹ ವಾಪಸ್ ಬರುವುದಿಲ್ಲ, ಅದು ಸ್ಕ್ರ್ಯಾಪ್. ಬೇರಿಂಗ್ ಕೂರುವ ಹೌಸಿಂಗಿನ ತೂತಿಗೆ ಬನ್ನಿ, ಎಲ್ಲ ತಿರುವುಮುರುವು: ತೂತು ಚಿಕ್ಕದಾಗಿದ್ದರೆ ಇನ್ನೂ ಕೊರೆಯಬಹುದು, ದೊಡ್ಡದಾದರೆ ಮುಗಿಯಿತು. ಎಷ್ಟು ತಪ್ಪಿದೆ ಅನ್ನುವುದಕ್ಕಿಂತ ಯಾವ ಕಡೆಗೆ ತಪ್ಪಿದೆ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಅನುಭವ ಇರುವ ಗ್ರೈಂಡರ್ ಆಪರೇಟರ್ ಇದನ್ನು ಕೈಯಲ್ಲೇ ಬಲ್ಲ. ಅವನು ಹೆಚ್ಚುಕಡಿಮೆ 25.008ರ ನಡುಮಧ್ಯಕ್ಕೆ ಗುರಿ ಇಡದೆ 25.010, 25.011ರ ಸುತ್ತ ನಿಲ್ಲಿಸುತ್ತಾನೆ. ತಪ್ಪುವುದಾದರೆ ತಿದ್ದಬಹುದಾದ ಕಡೆಗೇ ತಪ್ಪಲಿ ಎಂದು. ಈ ಎರಡು ಮೂರು ಮೈಕ್ರಾನಿನ ವಾಲಿಕೆಯನ್ನು ಕಂಡಾಗಲೆಲ್ಲ ನನಗೆ ಆ ಆಪರೇಟರನ ಮೇಲೆ ಗೌರವ ಹುಟ್ಟುತ್ತದೆ.

ಸ್ಕ್ರ್ಯಾಪ್ ಅಂದಾಕ್ಷಣ ದಾರಿ ಪೂರ್ತಿ ಮುಚ್ಚಿತು ಅಂತಲ್ಲ. ತೆಳುವಾದ ಶಾಫ್ಟಿಗೆ ಹಾರ್ಡ್ ಕ್ರೋಮ್ ಹಾಕಿಸಿ ಮತ್ತೆ ಗ್ರೈಂಡ್ ಮಾಡುವುದುಂಟು. ಹಳೇ ಮೋಟರಿನ ಸವೆದ ಶಾಫ್ಟಿಗೆ ಇದು ಒಳ್ಳೆಯ ಉಪಾಯವೇ. ಆದರೆ ಹೊಸ ಆರ್ಡರಿನ ಶಾಫ್ಟಿಗೆ ಹಾಗೆ ಮಾಡಬೇಕಾದರೆ ಗಿರಾಕಿಯ ಒಪ್ಪಿಗೆ ಬರಹದಲ್ಲಿ ಬೇಕು. ಗಟ್ಟಿ ಮಾಡಿದ ಉಕ್ಕಿಗೆ ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಒಳಸೇರಿ ಉಕ್ಕು ಪೆಡಸಾಗುವ ಅಪಾಯವಿದೆ, ಪ್ಲೇಟಿಂಗ್ ಆದ ಮೇಲೆ ಬೇಕ್ ಮಾಡಬೇಕಾಗುತ್ತದೆ. ಮೇಲೆ ಹೊಳೆಯುವ ಕ್ರೋಮ್ ನೋಡಿ ಒಳಗಿನ ಕಥೆ ಗೊತ್ತಾಗುವುದಿಲ್ಲ. ಹಾಗಾಗಿ ಶೆಡ್ಡಿನವರು ತಾವೇ ತೀರ್ಮಾನಿಸುವ ವಿಷಯ ಅದಲ್ಲ.

ಈಗೆಲ್ಲ ರೀಡಿಂಗುಗಳು ಕಂಪ್ಯೂಟರಿಗೆ ಹೋಗುತ್ತವೆ. ಟೇಬಲ್ಲಿನ ಪಕ್ಕದ ಹಳೇ ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ, ಅದರಲ್ಲಿ ಒಂದೇ ಸಾಲಿನ ಸೂತ್ರ:

```
=IF(B2>25.015,"REWORK",IF(B2<25.002,"SCRAP","PASS"))
```

ಶಾಫ್ಟಿನ ಸ್ವಭಾವವೆಲ್ಲ ಈ ಸಾಲಿನಲ್ಲಿ ಬಂದಿದೆ. ಮೇಲೆ ಹೋದರೆ ರೀವರ್ಕ್, ಕೆಳಗೆ ಹೋದರೆ ಸ್ಕ್ರ್ಯಾಪ್, ಬೇಲಿಯ ಮೇಲೆಯೇ ನಿಂತರೂ ಪಾಸ್. ಹೌಸಿಂಗ್ ತೂತಿಗೆ ಇದೇ ಸಾಲನ್ನು ಬಳಸಬೇಕಾದರೆ ಮಿತಿಗಳನ್ನು ಬದಲಿಸಿದರೆ ಸಾಲದು, ರೀವರ್ಕ್ ಮತ್ತು ಸ್ಕ್ರ್ಯಾಪ್ ಜಾಗ ಅದಲುಬದಲಾಗಬೇಕು. ಬದಲಿಸಲು ಮರೆತು ಶಾಫ್ಟಿನ ಹಾಳೆಯನ್ನೇ ಕಾಪಿ ಮಾಡಿಕೊಂಡರೆ ದೊಡ್ಡದಾದ ತೂತುಗಳೆಲ್ಲ ರೀವರ್ಕ್ ಎಂದು ಬರುತ್ತವೆ, ಯಾವ ಕೆಂಪು ಗುರುತೂ ಇಲ್ಲದೆ.

ಸೂತ್ರಕ್ಕೆ ಅಂಕಿ ಕಾಣುತ್ತದೆ, ಶಾಫ್ಟ್ ಕಾಣುವುದಿಲ್ಲ. ಅಳೆಯದೆ ಬಿಟ್ಟ ಖಾಲಿ ಮನೆಯನ್ನು ಎಕ್ಸೆಲ್ ಸೊನ್ನೆ ಎಂದುಕೊಂಡು ಸ್ಕ್ರ್ಯಾಪ್ ಅನ್ನುತ್ತದೆ. ಬೆರಳು ಜಾರಿ ‘25..010’ ಎಂದು ಎರಡು ಚುಕ್ಕೆ ಬಿದ್ದರೆ ಅದು ಅಂಕಿಯಲ್ಲ, ಅಕ್ಷರವಾಗುತ್ತದೆ. ಹೋಲಿಕೆ ಬಂದಾಗ ಎಕ್ಸೆಲ್ ಅಕ್ಷರವನ್ನು ಯಾವ ಅಂಕಿಗಿಂತಲೂ ದೊಡ್ಡದು ಎಂದೇ ತಿಳಿಯುವುದರಿಂದ ಒಳ್ಳೆಯ ಶಾಫ್ಟು ರೀವರ್ಕಿಗೆ ಹೋಗುತ್ತದೆ. ಇವು ಸುಲಭವಾಗಿ ಸಿಕ್ಕಿಬೀಳುವ ತಪ್ಪುಗಳು. ಸಿಕ್ಕದಿರುವ ಒಂದು ತಪ್ಪಿದೆ, ಅದು ಮೈಕ್ರೋಮೀಟರಿನಲ್ಲೇ ಹುಟ್ಟುತ್ತದೆ.

ಈ ಅಳತೆಗೆ ಬಳಸುವುದು 25ರಿಂದ 50ರ ಮೈಕ್ರೋಮೀಟರ್. ಅದರ ಸೊನ್ನೆಯೇ 25. ನಮ್ಮ ಅಂಗಳವೋ ಆ ಸೊನ್ನೆಯ ಪಕ್ಕದಲ್ಲೇ ಇದೆ. ಶಾಫ್ಟು 24.998 ಆಗಿದ್ದರೆ ತಿರುಗುವ ಥಿಂಬಲ್ಲು ಸೊನ್ನೆಯನ್ನು ದಾಟಿ ಹಿಂದೆ ಹೋಗುತ್ತದೆ. ಥಿಂಬಲ್ಲಿನ ಮೇಲೆ ಐವತ್ತು ಗೆರೆಗಳು, ಒಂದು ಸುತ್ತಿಗೆ ಅರ್ಧ ಮಿಲಿಮೀಟರ್. ಸೊನ್ನೆಗಿಂತ ಎರಡು ಮೈಕ್ರಾನ್ ಹಿಂದೆ ಹೋದರೆ ಅದು ತೋರಿಸುವುದು 49.8ನೇ ಗೆರೆಯನ್ನು. ಹೊಸಬನೊಬ್ಬ ಅದನ್ನು ನೇರವಾಗಿ ಓದಿ 25.498 ಎಂದು ಬರೆಯುತ್ತಾನೆ. ಸೂತ್ರ ಒಂದು ಕ್ಷಣವೂ ಯೋಚಿಸದೆ ರೀವರ್ಕ್ ಅನ್ನುತ್ತದೆ. ಸತ್ತ ಶಾಫ್ಟಿಗೆ ಮತ್ತೆ ಉಜ್ಜುವ ಆದೇಶ!

ಒಮ್ಮೆ ನನ್ನೆದುರಿಗೇ ಹೀಗಾಯಿತು. ಹುಡುಗ ಶಾಫ್ಟನ್ನು ರೀವರ್ಕ್ ಟ್ರೇಗೆ ಇಡುತ್ತಿದ್ದ. ಮೇಷ್ಟ್ರು ಪರದೆ ಕಡೆ ನೋಡಿ ಕೇಳಿದರು:

“ಲೋ, ಟರ್ನಿಂಗಿನಿಂದ ಬಂದಾಗ ಎಷ್ಟಿತ್ತು ಇದು?”

“25.3 ಅಣ್ಣಾ.”

“ಗ್ರೈಂಡಿಂಗ್ ಆದ್ಮೇಲೆ 25.498 ಹೆಂಗಪ್ಪಾ ಆಗತ್ತೆ? ಕಲ್ಲು ಲೋಹ ತಿನ್ನತ್ತೋ, ಅಂಟಿಸತ್ತೋ?”

ಹುಡುಗ ಮೈಕ್ರೋಮೀಟರನ್ನು ಮತ್ತೆ ಕೈಗೆ ತೆಗೆದುಕೊಂಡ. ಈ ಸಲ ಥಿಂಬಲ್ಲಿಗಿಂತ ಮೊದಲು ಸ್ಲೀವ್ ನೋಡಲು ಹೇಳಿದರು. ನಿಜವಾಗಿ 25.498 ಆಗಿದ್ದರೆ ಸ್ಲೀವಿನ ಮೇಲಿನ ಸೊನ್ನೆ ಗೆರೆ ಪೂರ್ತಿ ಬಯಲಾಗಿ, ಅದರ ಆಚೆ ಅರ್ಧ ಮಿಲಿಮೀಟರ್ ಖಾಲಿ ಜಾಗ ಕಾಣಬೇಕಿತ್ತು. ಅಲ್ಲಿ ಥಿಂಬಲ್ಲಿನ ಅಂಚು ಸೊನ್ನೆ ಗೆರೆಯ ಮೇಲೆಯೇ ಕೂತಿತ್ತು. ಆ ಸಂಜೆ ಹಾಳೆಗೆ ಇನ್ನೊಂದು ಷರತ್ತು ಸೇರಿತು: ಅಂಕಿ 24.9ಕ್ಕಿಂತ ಕಡಿಮೆ ಅಥವಾ 25.1ಕ್ಕಿಂತ ಹೆಚ್ಚು ಬಂದರೆ ಮೂರು ತೀರ್ಪುಗಳಲ್ಲಿ ಯಾವುದನ್ನೂ ಕೊಡಬೇಡ, ‘ಮತ್ತೆ ಅಳೆ’ ಎಂದು ಹೇಳು. ಮೂರೇ ಉತ್ತರವಿದ್ದ ಪ್ರಶ್ನೆಗೆ ನಾಲ್ಕನೆಯದು ಸೇರಿದ್ದು ನನಗೆ ಬಹಳ ಹಿಡಿಸಿತು.

ಏಪ್ರಿಲ್ ಮಧ್ಯಾಹ್ನದ ಕಥೆಯೇ ಬೇರೆ. ಪ್ರಪಂಚದಲ್ಲಿ ಎಲ್ಲೇ ಉದ್ದ ಅಳೆದರೂ ಅದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಎಂದು ಹೇಳಬೇಕೆಂಬುದು ಒಪ್ಪಂದ. ತಗಡಿನ ಮಾಡಿನ ಶೆಡ್ಡಿನಲ್ಲಿ ಬೇಸಿಗೆಗೆ ಮೂವತ್ತು ದಾಟಿರುತ್ತದೆ. ಅದರಿಂದ ಅಷ್ಟು ಭಯವಿಲ್ಲ. ಶಾಫ್ಟೂ ಉಕ್ಕು, ಸೆಟ್ಟಿಂಗ್ ರಾಡೂ ಉಕ್ಕು. ಎರಡೂ ಒಂದೇ ಬಿಸಿಯಲ್ಲಿದ್ದರೆ ಎರಡೂ ಒಟ್ಟಿಗೆ ಹಿಗ್ಗಿ ಲೆಕ್ಕ ಸರಿಹೋಗುತ್ತದೆ. ತೊಂದರೆ ಬರುವುದು ಬಿಸಿಯಲ್ಲಿ ವ್ಯತ್ಯಾಸವಿದ್ದಾಗ. ಗ್ರೈಂಡರಿನಿಂದ ಆಗಷ್ಟೇ ಇಳಿಸಿದ ಶಾಫ್ಟು ರಾಡಿಗಿಂತ ಹನ್ನೆರಡು ಡಿಗ್ರಿ ಬಿಸಿ ಇದೆ ಅನ್ನಿ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ನಮ್ಮ 25 ಮಿಲಿಮೀಟರಿಗೆ ಅದು ಮೂರೂವರೆ ಮೈಕ್ರಾನ್ ಆಯಿತು. ಅಂಗಳವೇ ಹದಿಮೂರು, ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಬಿಸಿಯೊಂದೇ ನುಂಗಿತು.

ಇದರ ಫಲ ಎರಡು ಬಗೆ. ಬಿಸಿಯಲ್ಲಿ 25.018 ತೋರಿದ ಶಾಫ್ಟು ರೀವರ್ಕ್ ಎನಿಸಿಕೊಳ್ಳುತ್ತದೆ, ಆರಿದ ಮೇಲೆ ಅದು 25.0145, ಸರಿಯಾದ ಮಾಲು. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಬಿಸಿಯಲ್ಲಿ 25.004 ಎಂದು ಪಾಸಾದದ್ದು ಆರಿದ ಮೇಲೆ 25.0005ಕ್ಕೆ ಇಳಿದು ಬೇಲಿಯ ಹೊರಗೆ ನಿಲ್ಲುತ್ತದೆ. ಹಾಗಾಗಿ ಮೇಷ್ಟ್ರ ಟೇಬಲ್ಲಿನಲ್ಲಿ ಎರಕದ ಕಬ್ಬಿಣದ ದಪ್ಪ ಸರ್ಫೇಸ್ ಪ್ಲೇಟ್ ಇದೆ. ಬಂದ ಶಾಫ್ಟುಗಳನ್ನೂ ಸೆಟ್ಟಿಂಗ್ ರಾಡನ್ನೂ ಅದರ ಮೇಲೆ ಪಕ್ಕಪಕ್ಕ ಮಲಗಿಸಿ ಅರ್ಧ ಮುಕ್ಕಾಲು ಗಂಟೆ ಸುಮ್ಮನೆ ಬಿಡುತ್ತಾರೆ. ಕಬ್ಬಿಣ ಬಿಸಿಯನ್ನು ಎಳೆದುಕೊಂಡು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಡಿಸ್ಪ್ಯಾಚಿನವರು ಬಂದು “ಗಾಡಿ ನಿಂತಿದೆ ಸಾರ್” ಅಂದರೂ ಆ ಮುಕ್ಕಾಲು ಗಂಟೆ ಕಡಿಮೆಯಾಗುವುದಿಲ್ಲ. ಮೈಕ್ರೋಮೀಟರನ್ನೂ ಅವರು ಅಂಗೈಯಲ್ಲಿ ಹಿಡಿಯುವುದಿಲ್ಲ, ಸ್ಟ್ಯಾಂಡಿಗೆ ಸಿಕ್ಕಿಸುತ್ತಾರೆ. ಅಂಗೈ ಬಿಸಿಗೆ ಅದರ ಚೌಕಟ್ಟೂ ಹಿಗ್ಗುತ್ತದೆ.

ಆರಿದ ಮೇಲೂ ಬೇಲಿಗೆ ಅಂಟಿಕೊಂಡು ನಿಂತ ಶಾಫ್ಟು ಉಳಿದೇ ಉಳಿಯುತ್ತದೆ. 25.0145 ಅಂದೆನಲ್ಲ, ಅದನ್ನು ನಿಜಕ್ಕೂ ಪಾಸ್ ಅನ್ನಬಹುದೇ? ಅಳತೆಯೂ ಒಂದೂವರೆ ಮೈಕ್ರಾನ್ ಆಚೀಚೆ ಆಗಬಹುದು ಎಂದುಕೊಂಡರೆ ಅದು 25.016 ಕೂಡ ಇರಬಹುದು. ಐಎಸ್‌ಒ 14253-1 ಎಂಬ ಮಾನಕ ಇದಕ್ಕೆ ಕೊಟ್ಟ ಪರಿಹಾರ ನನಗೆ ತುಂಬ ನ್ಯಾಯವಾಗಿ ಕಾಣುತ್ತದೆ. ಮಾಲು ಸರಿಯಿದೆ ಎಂದು ಸಾಬೀತು ಮಾಡಬೇಕಾದವನು ತನ್ನ ಅಳತೆಯ ಅನುಮಾನವನ್ನು ಅಂಗಳದೊಳಗಿನಿಂದ ಕಳೆಯಬೇಕು: ಮಾರುವವನ ಪಾಲಿಗೆ ಅಂಗಳ 25.0035ರಿಂದ 25.0135 ಅಷ್ಟೇ. ಮಾಲು ಸರಿಯಿಲ್ಲ ಎಂದು ವಾಪಸ್ ಕಳಿಸುವ ಗಿರಾಕಿ ಅದೇ ಅನುಮಾನವನ್ನು ಹೊರಗೆ ಕೂಡಿಸಿಕೊಳ್ಳಬೇಕು: 25.0165 ದಾಟಿದ್ದನ್ನು ತೋರಿಸಿದರೆ ಮಾತ್ರ ಅವನ ತಕರಾರು ನಿಲ್ಲುತ್ತದೆ. ಯಾರು ಮಾತಾಡುತ್ತಾರೋ ಅವರ ಅನುಮಾನದ ಭಾರ ಅವರದೇ. ಅದಕ್ಕೇ 25.0145ರ ಶಾಫ್ಟನ್ನು ಮೇಷ್ಟ್ರು ಮೈಕ್ರೋಮೀಟರಿನ ಮಾತಿನ ಮೇಲೆ ಬಿಡದೆ ಕಂಪ್ಯಾರೇಟರಿಗೆ ಒಯ್ಯುತ್ತಾರೆ. ಮರದ ಪೆಟ್ಟಿಗೆ ತೆರೆದು 1.008 ಮತ್ತು 24ರ ಎರಡು ಸ್ಲಿಪ್ ಗೇಜ್ ತೆಗೆದು, ಒಂದರ ಮೇಲೊಂದು ಅಡ್ಡವಾಗಿಟ್ಟು ಜಾರಿಸಿ ತಿರುಗಿಸುತ್ತಾರೆ. ಎರಡು ಉಕ್ಕಿನ ತುಂಡುಗಳು ಅಂಟಿಲ್ಲದೆ ಅಂಟಿಕೊಂಡು ಒಂದಾಗುತ್ತವೆ. ಸ್ವೀಡನ್ನಿನ ಯೊಹಾನ್ಸನ್ 1896ರಲ್ಲಿ ಯೋಚಿಸಿದ್ದು ಇದು. ಕೆಲವೇ ತುಂಡುಗಳಿಂದ ಸಾವಿರಾರು ಅಳತೆಗಳನ್ನು ಕಟ್ಟಿಕೊಳ್ಳಬಹುದು. ಆ 25.008ಕ್ಕೆ ಡಯಲ್ಲಿನ ಮುಳ್ಳನ್ನು ಸೊನ್ನೆ ಮಾಡಿ, ಕೆಳಗೆ ಶಾಫ್ಟನ್ನು ಉರುಳಿಸಿದರೆ ಮುಳ್ಳು ಏಳು ಮೈಕ್ರಾನಿಗಿಂತ ಹೆಚ್ಚು ಏರುತ್ತದೋ ಇಲ್ಲವೋ ಎಂದು ನೋಡುವುದಷ್ಟೇ ಉಳಿಯುತ್ತದೆ. ಇಡೀ 25 ಮಿಲಿಮೀಟರನ್ನು ಅಳೆಯುವ ಬದಲು ವ್ಯತ್ಯಾಸವನ್ನು ಮಾತ್ರ ಅಳೆಯುವುದರಿಂದ ಅನುಮಾನವೂ ಸಣ್ಣದಾಗುತ್ತದೆ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಇಷ್ಟಪಡುವ ಶಾಫ್ಟು. ಅದು ಸೆಂಟರ್‌ಲೆಸ್ ಗ್ರೈಂಡಿಂಗಿನಿಂದ ಬಂದದ್ದು. ಮೈಕ್ರೋಮೀಟರ್ ಎಲ್ಲಿ ಇಟ್ಟರೂ 25.010. ಸುತ್ತ ತಿರುಗಿಸಿ ಎಷ್ಟು ಸಲ ನೋಡಿದರೂ 25.010. ಇದಕ್ಕಿಂತ ಚೆಂದದ ರೀಡಿಂಗ್ ಬೇಕೇ? ಆದರೆ 25.015ರ ಗೋ ರಿಂಗ್ ಗೇಜಿನೊಳಗೆ ಅದು ಹೋಗುವುದಿಲ್ಲ. ಐದು ಮೈಕ್ರಾನ್ ಸಡಿಲವಾಗಿ ಒಳಗಿಳಿಯಬೇಕಾದದ್ದು ಬಾಯಲ್ಲೇ ನಿಲ್ಲುತ್ತದೆ. ಮೈಕ್ರೋಮೀಟರ್ ಒಳ್ಳೆಯದು ಅನ್ನುತ್ತದೆ, ರಿಂಗು ದಪ್ಪ ಅನ್ನುತ್ತದೆ. ಎರಡರ ಕ್ಯಾಲಿಬ್ರೇಷನ್ ಸರ್ಟಿಫಿಕೇಟೂ ಚೊಕ್ಕವಾಗಿದೆ.

ಎರಡೂ ನಿಜವನ್ನೇ ಹೇಳುತ್ತಿವೆ. ಈ ಶಾಫ್ಟು ದುಂಡಗಿಲ್ಲ, ಮೂರು ಉಬ್ಬಿನದು. ಒಂದೊಂದು ಉಬ್ಬಿನ ನೇರ ಎದುರಿಗೆ ಒಂದೊಂದು ತಗ್ಗು. ಮೈಕ್ರೋಮೀಟರ್ ಎರಡು ಎದುರುಬದುರು ಬಿಂದುಗಳನ್ನು ಮಾತ್ರ ಮುಟ್ಟುತ್ತದೆ; ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿದು ಮೊತ್ತ ಯಾವಾಗಲೂ ಅಷ್ಟೇ ಬರುತ್ತದೆ. ಸೆಂಟರ್‌ಲೆಸ್‌ನಲ್ಲಿ ಶಾಫ್ಟನ್ನು ಸೆಂಟರ್ ಹಿಡಿದು ತಿರುಗಿಸುವುದಿಲ್ಲ, ಅದರ ಹೊರಮೈಯೇ ಅದಕ್ಕೆ ಆಸರೆ. ಬ್ಲೇಡಿನ ಎತ್ತರ ಸರಿಯಿಲ್ಲದಿದ್ದರೆ ಹೊರಮೈಯ ತಪ್ಪು ತಿರುಗಿ ಬಂದು ತನ್ನನ್ನೇ ಕೊರೆದುಕೊಳ್ಳುತ್ತದೆ, ಉಬ್ಬುಗಳು ಬೆಸ ಸಂಖ್ಯೆಯಲ್ಲಿ ನೆಲೆಯಾಗುತ್ತವೆ. ರಿಂಗ್ ಗೇಜ್ ಮಾತ್ರ ಸುತ್ತಲಿನ ಎಲ್ಲ ಬಿಂದುಗಳನ್ನೂ ಒಟ್ಟಿಗೆ ಮುಟ್ಟುತ್ತದೆ. ಬೇರಿಂಗಿನ ಒಳ ರಿಂಗೂ ಹಾಗೆಯೇ. ಗೋ ಗೇಜು ಇಡೀ ಆಕಾರವನ್ನು ನೋಡಬೇಕು, ನೋ-ಗೋ ಒಂದೊಂದು ಬಿಂದುವನ್ನು ಬೇರೆಬೇರೆಯಾಗಿ ನೋಡಬೇಕು ಎಂದು ಇಂಗ್ಲೆಂಡಿನ ವಿಲಿಯಂ ಟೇಲರ್ 1905ರಲ್ಲೇ ಹೇಳಿದ್ದು ಇದಕ್ಕೇ.

ಉಬ್ಬು ಎಷ್ಟು? 60 ಡಿಗ್ರಿಯ ವಿ-ಬ್ಲಾಕಿನಲ್ಲಿ ಶಾಫ್ಟನ್ನಿಟ್ಟು ಮೇಲೆ ಡಯಲ್ ತಾಗಿಸಿ ಮೇಷ್ಟ್ರು ನಿಧಾನ ತಿರುಗಿಸಿದರು. ಮೈಕ್ರೋಮೀಟರಿಗೆ ಕಾಣದೇ ಇದ್ದದ್ದು ಇಲ್ಲಿ ಮುಳ್ಳಿನ ಓಲಾಟವಾಯಿತು: ಒಂದು ಸುತ್ತಿಗೆ ಮೂರು ಸಲ ಏರಿ ಮೂರು ಸಲ ಇಳಿಯಿತು, ಮೇಲಿನಿಂದ ಕೆಳಕ್ಕೆ 36 ಮೈಕ್ರಾನ್. ಮೂರು ಉಬ್ಬಿನ ಶಾಫ್ಟಾದರೆ 60 ಡಿಗ್ರಿಯ ವಿ-ಬ್ಲಾಕ್ ತಪ್ಪನ್ನು ಮೂರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅಂದರೆ ನಿಜವಾದ ಏರಿಳಿತ 12. ಸರಾಸರಿ ತ್ರಿಜ್ಯ 12.505, ಉಬ್ಬು ಅದಕ್ಕಿಂತ ಆರು ಮೈಕ್ರಾನ್ ಮೇಲೆ, 12.511, ತಗ್ಗು ಆರು ಕೆಳಗೆ, 12.499. ಉಬ್ಬುಗಳ ಹೊರಗಿನಿಂದ ವೃತ್ತ ಎಳೆದರೆ ಅದರ ವ್ಯಾಸ 25.022. ರಿಂಗಿನೊಳಗೆ ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಉತ್ತರ ಸಿಕ್ಕಿತು.

ಮೇಲ್ಮಿತಿ ದಾಟಿದೆ, ಹಾಗಾದರೆ ರೀವರ್ಕ್ ಅಲ್ಲವೇ? ಸೆಂಟರ್‌ಗಳ ನಡುವೆ ಹಾಕಿ ಉಬ್ಬುಗಳನ್ನು ಉಜ್ಜಿ ತೆಗೆದರಾಯಿತು ಅನ್ನಿಸುತ್ತದೆ. ಮೇಷ್ಟ್ರು ಚಲನಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಡ್ರಾಯಿಂಗಿನಲ್ಲಿ ಇನ್ನೊಂದು ಷರತ್ತಿತ್ತು, ದುಂಡುತನದ ತಪ್ಪು 4 ಮೈಕ್ರಾನ್ ಮೀರಬಾರದು. ತಗ್ಗು 12.499ರಲ್ಲಿದೆ, ಅದನ್ನು ಎತ್ತರಿಸಲಾಗದು. ಹಾಗಾಗಿ ಉಬ್ಬನ್ನು 12.503ರ ತನಕವಾದರೂ ಇಳಿಸಲೇಬೇಕು, ಇಲ್ಲವಾದರೆ ದುಂಡುತನ ಕೈಕೊಡುತ್ತದೆ. ಈಗ ಇನ್ನೊಂದು ಕಡೆಯಿಂದ ನೋಡಿ: ಉಬ್ಬಿನ ಎದುರಿಗೆ ತಗ್ಗು ಇರುವುದರಿಂದ ಎರಡರ ಮೊತ್ತವೇ ಮೈಕ್ರೋಮೀಟರಿನ ರೀಡಿಂಗ್, ಅದು 25.002ಕ್ಕಿಂತ ಕಡಿಮೆಯಾಗುವಂತಿಲ್ಲ. ತಗ್ಗು 12.499 ಅಂದರೆ ಉಬ್ಬು ಕಡಿಮೆಯೆಂದರೂ 12.503 ಇರಬೇಕು. ಒಂದು ಷರತ್ತು 12.503ಕ್ಕಿಂತ ಮೇಲೆ ಬೇಡ ಅನ್ನುತ್ತದೆ, ಇನ್ನೊಂದು ಅದಕ್ಕಿಂತ ಕೆಳಗೆ ಬೇಡ ಅನ್ನುತ್ತದೆ. ಹದಿಮೂರು ಮೈಕ್ರಾನಿನ ಅಂಗಳ ಕುಗ್ಗುತ್ತ ಕುಗ್ಗುತ್ತ ಒಂದೇ ಒಂದು ಬಿಂದುವಾಗಿ ನಿಂತಿತ್ತು. ಕಾಗದದ ಮೇಲೆ ಆ ಶಾಫ್ಟು ಬದುಕಲು ಒಂದು ದಾರಿ ಇತ್ತು, ಆ ದಾರಿಗೆ ಅಗಲವಿರಲಿಲ್ಲ. ಅಷ್ಟು ಕರಾರುವಾಕ್ಕಾಗಿ ನಿಲ್ಲುವ ಗ್ರೈಂಡರ್ ಆ ಶೆಡ್ಡಿನಲ್ಲಿರಲಿ, ಎಲ್ಲೂ ಸಿಗದು.

ಆ ಲೆಕ್ಕ ಮುಗಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಮಾಲು ಹಾಳಾಯಿತೆಂಬ ಬೇಸರ ಇದ್ದೇ ಇತ್ತು. ಆದರೆ ‘25.010’ ಎಂದು ನಗುತ್ತಿದ್ದ ಶಾಫ್ಟನ್ನು ಸ್ಕ್ರ್ಯಾಪ್ ಅನ್ನಲು ಬೇಕಾದ ಕಾರಣ ಇಷ್ಟು ಸ್ಪಷ್ಟವಾಗಿ, ಇಷ್ಟು ಮುದ್ದಾಗಿ ನಾಲ್ಕು ಸಾಲಿನಲ್ಲಿ ಬಂದು ಕೂತಿತ್ತು. ಸೂತ್ರಕ್ಕೆ ಕೊಟ್ಟಿದ್ದರೆ ಅದು ಪಾಸ್ ಅನ್ನುತ್ತಿತ್ತು. ರಿಂಗನ್ನು ಮಾತ್ರ ನಂಬಿದ್ದರೆ ರೀವರ್ಕಿಗೆ ಹೋಗಿ ಇನ್ನೊಂದು ಗಂಟೆ ಮೆಷಿನ್ ಹೊತ್ತು ತಿಂದು ಮತ್ತೆ ಇಲ್ಲಿಗೇ ಬರುತ್ತಿತ್ತು.

ಸ್ಕ್ರ್ಯಾಪ್ ಆದ ಶಾಫ್ಟುಗಳಿಗೆ ಕೆಂಪು ಬಣ್ಣ ಹಚ್ಚಿ, ಬೇರಿಂಗ್ ಕೂರುವ ಜಾಗದಲ್ಲೇ ಕಟ್ಟಿಂಗ್ ವ್ಹೀಲಿನಿಂದ ಆಳವಾಗಿ ಗಾಯ ಮಾಡುತ್ತಾರೆ. ಬಣ್ಣ ಒರೆಸಿದರೆ ಹೋಗುತ್ತದೆ, ಗಾಯ ಹೋಗುವುದಿಲ್ಲ. ತಪ್ಪಿ ಒಳ್ಳೆಯ ಟ್ರೇಗೆ ವಾಪಸ್ ಸೇರಬಾರದಲ್ಲ. ಆಮೇಲೆ ಅವು ತೂಕದ ಲೆಕ್ಕದಲ್ಲಿ ಗುಜರಿಗೆ. ಮೂರು ಉಬ್ಬಿನ ಆ ಶಾಫ್ಟಿಗೆ ಮಾತ್ರ ಮೇಷ್ಟ್ರು ಗಾಯ ಮಾಡಲಿಲ್ಲ. ತುದಿಗೆ ಕೆಂಪು ಹಚ್ಚಿ, ಬ್ಯಾಚ್ ನಂಬರ್ ಬರೆದು, ರಿಜಿಸ್ಟರಿನಲ್ಲಿ ‘ಸ್ಯಾಂಪಲ್’ ಎಂದು ನಮೂದಿಸಿ ಡ್ರಾಯರಿನಲ್ಲಿ ಬೀಗ ಹಾಕಿಟ್ಟರು. ಅದೇ ಎಸ್ಟೇಟಿನಲ್ಲಿ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಜಿಟಿಟಿಸಿ ಇದೆ. ಅಲ್ಲಿ ಟೂಲ್ ಅಂಡ್ ಡೈ ಓದಿದ ಹುಡುಗರು, ಹುಡುಗಿಯರು ಈ ಸುತ್ತಿನ ಶೆಡ್ಡುಗಳಿಗೆ ಟ್ರೈನಿಗಳಾಗಿ ಬರುತ್ತಾರೆ. ಮೊದಲ ದಿನ ಅವರ ಕೈಗೆ ಮೈಕ್ರೋಮೀಟರ್, ರಿಂಗ್ ಗೇಜ್, ಆ ಶಾಫ್ಟು ಮೂರನ್ನೂ ಕೊಟ್ಟು ಮೇಷ್ಟ್ರು ಟೀಗೆ ಹೋಗುತ್ತಾರೆ. ವಾಪಸ್ ಬಂದು “ಏನಮ್ಮಾ, ಪಾಸಾ, ರೀವರ್ಕಾ, ಸ್ಕ್ರ್ಯಾಪಾ?” ಎಂದು ಕೇಳುತ್ತಾರೆ. ಕಳೆದ ಸಲ ಬಂದ ಹುಡುಗಿ ಮೂರರಲ್ಲಿ ಯಾವುದನ್ನೂ ಹೇಳಲಿಲ್ಲ. “ಸಾರ್, ವಿ-ಬ್ಲಾಕ್ ಎಲ್ಲಿದೆ?” ಎಂದು ಕೇಳಿದಳು.